ಹೇಳಿಕೆ–ಕಾರಣ ಪ್ರಶ್ನೆಗಳಲ್ಲಿ ಸಂವಿಧಾನದ 14ನೇ ವಿಧಿ

ಹೇಳಿಕೆ–ಕಾರಣ ಮಾದರಿಯ ಪ್ರಶ್ನೆಯಲ್ಲಿ ಎರಡು ವಾಕ್ಯಗಳಿರುತ್ತವೆ. ಮೊದಲನೆಯದು ಒಂದು ಹೇಳಿಕೆ, ಎರಡನೆಯದು ಅದಕ್ಕೆ ಕಾರಣವೆಂದು ಮುಂದಿಟ್ಟ ಮಾತು. ಉತ್ತರಕ್ಕೆ ನಾಲ್ಕು ಆಯ್ಕೆಗಳು. ಎರಡೂ ಸರಿ, ಕಾರಣವು ಹೇಳಿಕೆಯನ್ನು ಸರಿಯಾಗಿ ವಿವರಿಸುತ್ತದೆ ಎಂಬುದು ‘ಎ’. ಎರಡೂ ಸರಿ, ಆದರೆ ಕಾರಣವು ಹೇಳಿಕೆಯ ವಿವರಣೆಯಲ್ಲ ಎಂಬುದು ‘ಬಿ’. ಹೇಳಿಕೆ ಸರಿ, ಕಾರಣ ತಪ್ಪು ಎಂಬುದು ‘ಸಿ’. ಹೇಳಿಕೆ ತಪ್ಪು, ಕಾರಣ ಸರಿ ಎಂಬುದು ‘ಡಿ’. ಕಾನೂನು ವಿಷಯದ ಅರ್ಹತಾ ಪರೀಕ್ಷೆಗಳಲ್ಲಿ, ನಾಗರಿಕ ಸೇವಾ ಪರೀಕ್ಷೆಗಳಲ್ಲಿ ಈ ಮಾದರಿ ಬಹುಕಾಲದಿಂದ ಇದೆ. ಸಂವಿಧಾನದ 14ನೇ ವಿಧಿಯ ಮೇಲೆ ಇಂಥ ಪ್ರಶ್ನೆ ಬಂದಾಗ ಹೆಚ್ಚಿನವರು ಎಡವುವುದು ‘ಎ’ ಮತ್ತು ‘ಬಿ’ ನಡುವೆ. ಎರಡೂ ವಾಕ್ಯಗಳು ಸರಿಯೆಂದು ಓದುಗರಿಗೆ ಗೊತ್ತಿರುತ್ತದೆ. ಒಂದು ಇನ್ನೊಂದಕ್ಕೆ ಕಾರಣವೇ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಅದನ್ನು ತಿಳಿಯಬೇಕಾದರೆ ತೀರ್ಪಿನ ಫಲಿತಾಂಶದ ಜೊತೆಗೆ, ನ್ಯಾಯಾಲಯ ಯಾವ ದಾರಿಯಲ್ಲಿ ಆ ಫಲಿತಾಂಶಕ್ಕೆ ಬಂದಿತೆಂಬುದೂ ತಿಳಿದಿರಬೇಕು.

14ನೇ ವಿಧಿ ಚಿಕ್ಕದು. ಭಾರತದ ರಾಜ್ಯಕ್ಷೇತ್ರದೊಳಗೆ ಯಾವುದೇ ವ್ಯಕ್ತಿಗೆ ಕಾನೂನಿನ ಮುಂದೆ ಸಮಾನತೆಯನ್ನಾಗಲಿ ಕಾನೂನುಗಳ ಸಮಾನ ಸಂರಕ್ಷಣೆಯನ್ನಾಗಲಿ ರಾಜ್ಯವು ನಿರಾಕರಿಸುವಂತಿಲ್ಲ ಎನ್ನುವುದಷ್ಟೇ ಅದರ ಸಾರ. ಮೊದಲ ಭಾಗ ಇಂಗ್ಲೆಂಡಿನ ಪರಂಪರೆಯಿಂದ ಬಂದದ್ದು: ಯಾರೂ ಕಾನೂನಿಗಿಂತ ಮೇಲಲ್ಲ. ಎರಡನೆಯ ಭಾಗ ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯಿಂದ ಬಂದದ್ದು: ಒಂದೇ ಸ್ಥಿತಿಯಲ್ಲಿರುವವರನ್ನು ಕಾನೂನು ಒಂದೇ ರೀತಿ ಕಾಣಬೇಕು. ಇಷ್ಟು ಚಿಕ್ಕ ವಾಕ್ಯದಿಂದ ಎರಡು ಪರೀಕ್ಷೆಗಳು ಬೆಳೆದಿವೆ. ಒಂದು 1950ರ ದಶಕದ್ದು, ಸಮಂಜಸ ವರ್ಗೀಕರಣದ ಪರೀಕ್ಷೆ. ಇನ್ನೊಂದು 1970ರ ದಶಕದ್ದು, ಸ್ವೇಚ್ಛಾಚಾರದ ಪರೀಕ್ಷೆ. ಪ್ರಶ್ನೆ ರಚಿಸುವವರು ಹೇಳಿಕೆಯನ್ನು ಒಂದು ಪರೀಕ್ಷೆಯಿಂದಲೂ ಕಾರಣವನ್ನು ಇನ್ನೊಂದರಿಂದಲೂ ತೆಗೆದುಕೊಂಡರೆ ಸಾಕು, ಕಠಿಣವಾದ ಪ್ರಶ್ನೆಯೊಂದು ಸಿದ್ಧವಾಗುತ್ತದೆ.

ಸುಲಭದ ಉದಾಹರಣೆಯೊಂದನ್ನು ಮೊದಲು ನೋಡಬಹುದು.

ಹೇಳಿಕೆ: ಭಾರತದಲ್ಲಿರುವ ವಿದೇಶೀಯನೂ 14ನೇ ವಿಧಿಯ ರಕ್ಷಣೆ ಕೇಳಬಹುದು.
ಕಾರಣ: 14ನೇ ವಿಧಿಯು ‘ಪ್ರಜೆ’ ಎನ್ನದೆ ‘ಯಾವುದೇ ವ್ಯಕ್ತಿ’ ಎನ್ನುತ್ತದೆ.

ಎರಡು ವಾಕ್ಯಗಳ ನಡುವೆ ‘ಏಕೆಂದರೆ’ ಸೇರಿಸಿ ಓದಿದರೆ ಅರ್ಥ ಸಲೀಸಾಗಿ ಕೂಡುತ್ತದೆ. ಉತ್ತರ ‘ಎ’. ಹೇಳಿಕೆಯನ್ನು ಹಾಗೆಯೇ ಉಳಿಸಿ, ‘ಕಾನೂನುಗಳ ಸಮಾನ ಸಂರಕ್ಷಣೆ ಎಂಬ ಮಾತು ಅಮೆರಿಕದ ಸಂವಿಧಾನದಿಂದ ಬಂದದ್ದು’ ಎಂದು ಕಾರಣವನ್ನು ಬದಲಿಸಿದರೆ ಆ ಮಾತೂ ಸತ್ಯವೇ. ಆದರೆ ವಿದೇಶೀಯನಿಗೆ ರಕ್ಷಣೆ ಸಿಗುವುದು ಆ ಮಾತು ಎಲ್ಲಿಂದ ಬಂದಿತೆಂಬ ಕಾರಣಕ್ಕಲ್ಲ. ಉತ್ತರ ‘ಬಿ’ ಆಗುತ್ತದೆ. ಈ ಮಾದರಿಯ ಎಲ್ಲ ಪ್ರಶ್ನೆಗಳನ್ನೂ ಹೀಗೆಯೇ ಬಿಡಿಸಬೇಕು. ಮೊದಲು ಎರಡು ವಾಕ್ಯಗಳನ್ನೂ ಬೇರೆಬೇರೆಯಾಗಿ, ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ಪರೀಕ್ಷಿಸಬೇಕು. ಎರಡೂ ನಿಂತರೆ ಮಾತ್ರ ‘ಏಕೆಂದರೆ’ ಸೇರಿಸಬೇಕು. ಮೊದಲೇ ಸೇರಿಸಿ ಓದಿದರೆ ಸುಳ್ಳು ಕಾರಣವೂ ಹೇಳಿಕೆಯ ಬಲದಲ್ಲಿ ಸತ್ಯದಂತೆ ತೋರುತ್ತದೆ.

ಸಮಂಜಸ ವರ್ಗೀಕರಣದ ಪರೀಕ್ಷೆಗೆ ಆಧಾರವಾಗಿ ಎಲ್ಲ ಪಠ್ಯಪುಸ್ತಕಗಳೂ ಹೇಳುವ ಪ್ರಕರಣ 1952ರ ‘ಪಶ್ಚಿಮ ಬಂಗಾಳ ರಾಜ್ಯ ವಿರುದ್ಧ ಅನ್ವರ್ ಅಲಿ ಸರ್ಕಾರ್’. ಕಲ್ಕತ್ತಾ ಸಮೀಪದ ಡಂಡಂನಲ್ಲಿದ್ದ ಜೆಸ್ಸಪ್ ಕಾರ್ಖಾನೆಯ ಮೇಲೆ ಶಸ್ತ್ರಸಜ್ಜಿತ ಗುಂಪೊಂದು ದಾಳಿ ಮಾಡಿತ್ತು. ಅನ್ವರ್ ಅಲಿ ಮತ್ತು ಇತರ 49 ಮಂದಿಯನ್ನು ಪಶ್ಚಿಮ ಬಂಗಾಳದ ವಿಶೇಷ ನ್ಯಾಯಾಲಯಗಳ ಕಾಯಿದೆ, 1950ರ ಪ್ರಕಾರ ವಿಚಾರಣೆ ಮಾಡಿ ಶಿಕ್ಷಿಸಲಾಯಿತು. ಆ ಕಾಯಿದೆಯ 5ನೇ ಕಲಮು ಅಪರಾಧಗಳನ್ನು, ಅಪರಾಧಗಳ ವರ್ಗಗಳನ್ನು, ಅಷ್ಟೇ ಅಲ್ಲದೆ ಬಿಡಿ ಮೊಕದ್ದಮೆಗಳನ್ನೂ ವಿಶೇಷ ನ್ಯಾಯಾಲಯಕ್ಕೆ ಒಪ್ಪಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಅಲ್ಲಿನ ವಿಚಾರಣಾ ಕ್ರಮ ಆರೋಪಿಗೆ ಸಾಮಾನ್ಯ ನ್ಯಾಯಾಲಯದಷ್ಟು ಅನುಕೂಲವಾಗಿರಲಿಲ್ಲ. ಯಾವ ಮೊಕದ್ದಮೆಯನ್ನು ಅಲ್ಲಿಗೆ ಕಳಿಸಬೇಕು, ಯಾವುದನ್ನು ಕಳಿಸಬಾರದು ಎಂಬುದಕ್ಕೆ ಕಾಯಿದೆಯಲ್ಲಿ ‘ಶೀಘ್ರ ವಿಚಾರಣೆ’ ಎಂಬ ಮಾತಿನ ಹೊರತು ಬೇರೆ ಮಾನದಂಡವಿರಲಿಲ್ಲ. ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ಬಹುಮತವು ಈ ಅಧಿಕಾರವನ್ನು ರದ್ದುಮಾಡಿತು. ನ್ಯಾಯಮೂರ್ತಿ ಎಸ್.ಆರ್. ದಾಸ್ ಅದೇ ತೀರ್ಪಿನಲ್ಲಿ ಮುಂದೆ ನೂರಾರು ಬಾರಿ ಉಲ್ಲೇಖಗೊಂಡ ಎರಡು ಷರತ್ತುಗಳನ್ನು ಹೇಳಿದರು. ಗುಂಪಿನೊಳಗೆ ಸೇರಿದವರನ್ನು ಹೊರಗುಳಿದವರಿಂದ ಬೇರ್ಪಡಿಸುವ ವ್ಯತ್ಯಾಸವೊಂದು ಸ್ಪಷ್ಟವಾಗಿ ಗುರುತಿಸಲು ಸಿಗಬೇಕು. ಆ ವ್ಯತ್ಯಾಸಕ್ಕೂ ಕಾನೂನಿನ ಉದ್ದೇಶಕ್ಕೂ ತರ್ಕಬದ್ಧವಾದ ಸಂಬಂಧ ಇರಬೇಕು.

ಈ ಪ್ರಕರಣದ ಮೇಲೆ ಹೆಚ್ಚಾಗಿ ಕಾಣುವ ಪ್ರಶ್ನೆಯ ರೂಪ ಹೀಗಿರುತ್ತದೆ.

ಹೇಳಿಕೆ: ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯಕ್ಕೆ ಮೊಕದ್ದಮೆ ಒಪ್ಪಿಸುವ ಅಧಿಕಾರ ರದ್ದಾಯಿತು.
ಕಾರಣ: 14ನೇ ವಿಧಿಯು ಎಲ್ಲ ಬಗೆಯ ವರ್ಗೀಕರಣವನ್ನೂ ನಿಷೇಧಿಸುತ್ತದೆ.

ಹೇಳಿಕೆ ಸರಿ, ಕಾರಣ ತಪ್ಪು. ವರ್ಗೀಕರಣವಿಲ್ಲದೆ ಯಾವ ಸರ್ಕಾರವೂ ಕಾನೂನು ಮಾಡಲಾರದು. ಆದಾಯಕ್ಕೆ ತಕ್ಕಂತೆ ತೆರಿಗೆ, ಮಕ್ಕಳಿಗೆ ಬೇರೆ ಕಾನೂನು, ಕಾರ್ಖಾನೆಗಳಿಗೆ ಬೇರೆ ನಿಯಮ, ಇವೆಲ್ಲ ವರ್ಗೀಕರಣಗಳೇ. ವಿಧಿ ನಿಷೇಧಿಸುವುದು ಆಧಾರವಿಲ್ಲದ ವರ್ಗೀಕರಣವನ್ನು. ಉತ್ತರ ‘ಸಿ’. ‘ಎಲ್ಲ’, ‘ಯಾವಾಗಲೂ’, ‘ಮಾತ್ರ’ ಎಂಬಂಥ ಪದ ಕಾರಣದಲ್ಲಿ ಕಂಡಾಗ ಅಭ್ಯರ್ಥಿ ಅಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುವುದು ಒಳ್ಳೆಯದು.

ಕಾರಣವನ್ನು ‘14ನೇ ವಿಧಿಯು ಸಮಂಜಸ ವರ್ಗೀಕರಣಕ್ಕೆ ಅವಕಾಶ ಕೊಡುತ್ತದೆ’ ಎಂದು ಬದಲಿಸಿದರೆ ಪ್ರಶ್ನೆ ಕಷ್ಟವಾಗುತ್ತದೆ. ಈಗ ಎರಡೂ ಸತ್ಯ. ಅಧಿಕಾರ ರದ್ದಾದದ್ದು ವಿಧಿಯು ವರ್ಗೀಕರಣಕ್ಕೆ ಅವಕಾಶ ಕೊಡುತ್ತದೆ ಎಂಬ ಕಾರಣಕ್ಕೋ? ಅಲ್ಲ. ಆ ಅವಕಾಶ ಬಳಸಿ ಕಾಯಿದೆಯು ಯಾವ ವರ್ಗವನ್ನೂ ಗುರುತಿಸಲಿಲ್ಲ, ಆಯ್ಕೆಯನ್ನು ಸರ್ಕಾರದ ಇಷ್ಟಕ್ಕೆ ಬಿಟ್ಟಿತು ಎಂಬ ಕಾರಣಕ್ಕೆ ಅದು ರದ್ದಾಯಿತು. ಹಾಗಾಗಿ ಉತ್ತರ ‘ಬಿ’. ಕಾರಣದ ವಾಕ್ಯವೇ ‘ಮೊಕದ್ದಮೆಗಳನ್ನು ಆಯ್ದುಕೊಳ್ಳಲು ಕಾಯಿದೆಯು ಸರ್ಕಾರಕ್ಕೆ ಯಾವ ಮಾನದಂಡವನ್ನೂ ಕೊಟ್ಟಿರಲಿಲ್ಲ’ ಎಂದಿದ್ದರೆ ಉತ್ತರ ‘ಎ’. ಹೇಳಿಕೆ ಒಂದೇ ಇದ್ದು ಕಾರಣದ ವಾಕ್ಯ ಮೂರು ಸಲ ಬದಲಾದಾಗ ಉತ್ತರವೂ ಮೂರು ಸಲ ಬದಲಾಯಿತು. ಅದೇ ವರ್ಷ ಸೌರಾಷ್ಟ್ರದ ಕಾಠಿ ರಾನಿಂಗ್ ರಾವತ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದೇ ಮಾತುಗಳಿದ್ದ ಸುಗ್ರೀವಾಜ್ಞೆ ಊರ್ಜಿತವಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಸಾರ್ವಜನಿಕ ಸುವ್ಯವಸ್ಥೆ ಎಂಬ ಉದ್ದೇಶ ಸುಗ್ರೀವಾಜ್ಞೆಯಿಂದಲೇ ತಿಳಿಯುತ್ತಿತ್ತು. ನಿರ್ದಿಷ್ಟ ಪ್ರದೇಶಗಳ ನಿರ್ದಿಷ್ಟ ಅಪರಾಧಗಳನ್ನು ಸರ್ಕಾರ ಆಯ್ದಿತ್ತು. ಮಾನದಂಡ ಇತ್ತೇ, ಇಲ್ಲವೇ ಎಂಬುದೇ ಎರಡೂ ತೀರ್ಪುಗಳನ್ನು ಬೇರ್ಪಡಿಸಿದ ಗೆರೆ.

ವರ್ಗೀಕರಣದ ಪರೀಕ್ಷೆಯಲ್ಲೇ ಇನ್ನೊಂದು ತೊಡಕಿನ ಜಾಗವಿದೆ: ಒಬ್ಬ ವ್ಯಕ್ತಿಗೆ ಅಥವಾ ಒಂದು ಸಂಸ್ಥೆಗೆ ಮಾತ್ರ ಅನ್ವಯಿಸುವ ಕಾನೂನು. ಸೊಲ್ಲಾಪುರದ ಬಟ್ಟೆಗಿರಣಿಯೊಂದರ ಆಡಳಿತವನ್ನು ವಹಿಸಿಕೊಳ್ಳಲು 1950ರಲ್ಲಿ ಸಂಸತ್ತು ಆ ಒಂದೇ ಕಂಪನಿಗಾಗಿ ಕಾಯಿದೆ ಮಾಡಿತು. ಷೇರುದಾರ ಚಿರಂಜಿತ್ ಲಾಲ್ ಚೌಧುರಿ ಅದನ್ನು ಪ್ರಶ್ನಿಸಿದರು. ಸುಪ್ರೀಂ ಕೋರ್ಟಿನ ಬಹುಮತವು ಕಾಯಿದೆಯನ್ನು ಎತ್ತಿಹಿಡಿಯಿತು. ಇದೇ ಸ್ಥಿತಿಯಲ್ಲಿ ಬೇರೆ ಕಂಪನಿಗಳಿದ್ದೂ ಅವನ್ನು ಬಿಡಲಾಗಿದೆ ಎಂದು ತೋರಿಸುವ ಹೊಣೆ ಅರ್ಜಿದಾರರದು, ಅವರು ಅದನ್ನು ತೋರಿಸಿಲ್ಲ, ಕಾನೂನು ಸಂವಿಧಾನಬದ್ಧವೆಂಬ ಪೂರ್ವಭಾವನೆ ಹಾಗೇ ಉಳಿಯಿತು ಎಂಬುದು ಆ ತೀರ್ಪಿನ ತಿರುಳು. 1958ರ ರಾಮಕೃಷ್ಣ ದಾಲ್ಮಿಯಾ ಪ್ರಕರಣದಲ್ಲಿ ನ್ಯಾಯಮೂರ್ತಿ ದಾಸ್, ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ಅದುವರೆಗಿನ ತತ್ತ್ವಗಳನ್ನೆಲ್ಲ ಒಂದೆಡೆ ಕೂಡಿಸಿದರು. ವಿಶೇಷ ಸನ್ನಿವೇಶ ಇದ್ದರೆ ಒಬ್ಬನೇ ವ್ಯಕ್ತಿ ತಾನೇ ಒಂದು ವರ್ಗವಾಗಬಹುದು ಎಂಬುದು ಅವುಗಳಲ್ಲಿ ಮೊದಲನೆಯದು. ಪೂರ್ವಭಾವನೆ ಕಾನೂನಿನ ಪರ, ಹೊಣೆ ಅದನ್ನು ಪ್ರಶ್ನಿಸುವವರ ಮೇಲೆ ಎಂಬುದು ಅದರ ಪಕ್ಕದಲ್ಲೇ ಇರುವ ಇನ್ನೊಂದು.

ಈಗ ಹೇಳಿಕೆ ‘ಒಬ್ಬನೇ ವ್ಯಕ್ತಿಗೆ ಅನ್ವಯಿಸುವ ಕಾನೂನೂ ಸಂವಿಧಾನಬದ್ಧ ಆಗಿರಬಹುದು’ ಎಂದೂ, ಕಾರಣ ‘ಕಾನೂನು ಸಂವಿಧಾನಬದ್ಧವೆಂಬ ಪೂರ್ವಭಾವನೆ ಇರುತ್ತದೆ’ ಎಂದೂ ಇದ್ದರೆ ಉತ್ತರ ‘ಬಿ’. ಪೂರ್ವಭಾವನೆಯು ರುಜುವಾತಿನ ಹೊಣೆ ಯಾರದೆಂದು ಹೇಳುತ್ತದೆ. ಒಬ್ಬನೇ ಏಕೆ ವರ್ಗವಾಗಬಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಹೇಳಿಕೆಯನ್ನು ‘ಚಿರಂಜಿತ್ ಲಾಲ್ ಪ್ರಕರಣದಲ್ಲಿ ಸೊಲ್ಲಾಪುರ ಗಿರಣಿಯ ಕಾಯಿದೆ ಊರ್ಜಿತವಾಯಿತು’ ಎಂದು ಬದಲಿಸಿದರೆ ಅದೇ ಕಾರಣಕ್ಕೆ ಉತ್ತರ ‘ಎ’ ಆಗುತ್ತದೆ, ಏಕೆಂದರೆ ಆ ಮೊಕದ್ದಮೆ ನಿರ್ಣಯವಾದದ್ದು ಪೂರ್ವಭಾವನೆಯ ಬಲದ ಮೇಲೆ. ಸಾಮಾನ್ಯ ತತ್ತ್ವವೊಂದಕ್ಕೆ ವಿವರಣೆ ಆಗದ ಮಾತು ನಿರ್ದಿಷ್ಟ ತೀರ್ಪಿಗೆ ವಿವರಣೆಯಾಗಬಹುದು. ಹೇಳಿಕೆಯಲ್ಲಿ ಪ್ರಕರಣದ ಹೆಸರಿದೆಯೇ ಎಂಬುದನ್ನು ಮೊದಲು ನೋಡಬೇಕಾದದ್ದು ಇದಕ್ಕಾಗಿಯೇ.

ಎರಡನೆಯ ಪರೀಕ್ಷೆ ಹುಟ್ಟಿದ್ದು ಸೋತ ಅರ್ಜಿಯೊಂದರಲ್ಲಿ. ಇ.ಪಿ. ರಾಯಪ್ಪ ತಮಿಳುನಾಡಿನ ಮುಖ್ಯ ಕಾರ್ಯದರ್ಶಿಯಾಗಿದ್ದರು. ಅವರನ್ನು ಆ ಹುದ್ದೆಯಿಂದ ರಾಜ್ಯ ಯೋಜನಾ ಆಯೋಗಕ್ಕೂ ಆಮೇಲೆ ವಿಶೇಷ ಕರ್ತವ್ಯಾಧಿಕಾರಿಯ ಹುದ್ದೆಗೂ ಕಳಿಸಲಾಯಿತು. ದುರುದ್ದೇಶದಿಂದ ಹೀಗೆ ಮಾಡಲಾಗಿದೆ ಎಂಬುದು ಅವರ ದೂರು. 1974ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ, ಸಮಾನತೆಯನ್ನು ಹಳೆಯ ಸೂತ್ರಗಳ ಚೌಕಟ್ಟಿನಲ್ಲಿ ಕಟ್ಟಿಹಾಕಲಾಗದು ಎಂದರು. ಸಮಾನತೆ ಮತ್ತು ಸ್ವೇಚ್ಛಾಚಾರ ಪರಸ್ಪರ ಶತ್ರುಗಳು, ಸ್ವೇಚ್ಛೆಯಿಂದ ಮಾಡಿದ ಕೃತ್ಯದಲ್ಲೇ ಅಸಮಾನತೆ ಅಡಗಿದೆ ಎಂಬ ನಿಲುವು ಅಲ್ಲಿಂದ ಶುರುವಾಯಿತು. ಆದರೆ ರಾಯಪ್ಪನವರ ಅರ್ಜಿ ವಜಾ ಆಯಿತು, ದುರುದ್ದೇಶ ರುಜುವಾತಾಗಲಿಲ್ಲ.

‘ರಾಯಪ್ಪ ಪ್ರಕರಣವು ಸ್ವೇಚ್ಛಾಚಾರವನ್ನು ಸಮಾನತೆಯ ವಿರೋಧಿಯೆಂದು ಹೇಳಿತು’ ಎಂಬ ಹೇಳಿಕೆಗೆ ‘ಅಲ್ಲಿ ವರ್ಗಾವಣೆಯನ್ನು ಸ್ವೇಚ್ಛಾಚಾರವೆಂದು ರದ್ದುಮಾಡಲಾಯಿತು’ ಎಂಬ ಕಾರಣ ಕೊಟ್ಟರೆ, ತೀರ್ಪಿನ ಖ್ಯಾತಿಯನ್ನಷ್ಟೇ ಬಲ್ಲವರು ‘ಎ’ ಗುರುತಿಸುತ್ತಾರೆ. ಸರಿಯಾದ ಉತ್ತರ ‘ಸಿ’. ದೊಡ್ಡ ತತ್ತ್ವ ಹೇಳಿದ ತೀರ್ಪಿನಲ್ಲಿ ಅರ್ಜಿದಾರ ಗೆದ್ದಿರಲೇಬೇಕು ಎಂಬ ಊಹೆ ಈ ವಿಷಯದಲ್ಲಿ ಮತ್ತೆಮತ್ತೆ ಕೈಕೊಡುತ್ತದೆ. 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲೂ ಹೀಗೇ ಆಯಿತು. ಮುಂಬಯಿ ವಿಮಾನ ನಿಲ್ದಾಣದಲ್ಲಿ ಉಪಾಹಾರ ಗೃಹ ನಡೆಸುವ ಟೆಂಡರನ್ನು ತಾನೇ ನಿಗದಿಪಡಿಸಿದ ಅರ್ಹತೆ ಇಲ್ಲದವರಿಗೆ ಪ್ರಾಧಿಕಾರ ಕೊಟ್ಟದ್ದು ತಪ್ಪೆಂದು ನ್ಯಾಯಾಲಯ ಹೇಳಿತು. ಆದರೂ ವಿಳಂಬ ಮತ್ತಿತರ ಕಾರಣಗಳಿಂದ ಅರ್ಜಿದಾರರಿಗೆ ಪರಿಹಾರ ಕೊಡಲಿಲ್ಲ.

1981ರ ಅಜಯ್ ಹಾಸಿಯಾ ಪ್ರಕರಣವು ಎರಡೂ ಪರೀಕ್ಷೆಗಳ ಸಂಬಂಧವನ್ನು ನೇರವಾಗಿ ಹೇಳಿತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಪ್ರವೇಶಕ್ಕೆ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ ಇಟ್ಟಿತ್ತು. ಒಬ್ಬೊಬ್ಬ ಅಭ್ಯರ್ಥಿಯ ಸಂದರ್ಶನ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತಿತ್ತು ಎಂಬುದು ದೂರು. ಒಟ್ಟು ಅಂಕಗಳಲ್ಲಿ ಮೂರನೇ ಒಂದು ಭಾಗವನ್ನು ಸಂದರ್ಶನಕ್ಕೆ ಕೊಡುವುದು ಸ್ವೇಚ್ಛಾಚಾರ, ಶೇ. 15ಕ್ಕಿಂತ ಹೆಚ್ಚು ಕೊಟ್ಟರೆ ಅದು ನಿಲ್ಲದು ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ವರ್ಗೀಕರಣದ ಸೂತ್ರವು 14ನೇ ವಿಧಿಯ ಪರ್ಯಾಯವಲ್ಲ, ಕೃತ್ಯವೊಂದು ಸ್ವೇಚ್ಛಾಚಾರವೇ ಎಂದು ಪತ್ತೆಮಾಡಲು ನ್ಯಾಯಾಲಯ ರೂಪಿಸಿಕೊಂಡ ಸಾಧನ ಎಂದೂ ಅದು ವಿವರಿಸಿತು. ಇದರ ಮೇಲಿನ ಪ್ರಶ್ನೆಯಲ್ಲಿ ‘ಸಂದರ್ಶನದ ಮೂಲಕ ಆಯ್ಕೆ ಮಾಡುವುದೇ 14ನೇ ವಿಧಿಗೆ ವಿರುದ್ಧ’ ಎಂಬ ಕಾರಣ ಕೊಟ್ಟರೆ ಅದು ತಪ್ಪು. ಮೈಸೂರು ರಾಜ್ಯದ ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶದ ಬಗ್ಗೆ 1964ರಲ್ಲಿ ನಿರ್ಣಯವಾದ ಚಿತ್ರಲೇಖಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಸಂದರ್ಶನ ಪದ್ಧತಿಯನ್ನು ಒಪ್ಪಿತ್ತು. ಹಾಸಿಯಾ ಪ್ರಕರಣದಲ್ಲಿ ಬಿದ್ದುಹೋದದ್ದು ಅಂಕಗಳ ಪ್ರಮಾಣ, ಪದ್ಧತಿಯಲ್ಲ.

ಎರಡು ಪರೀಕ್ಷೆಗಳೂ ಒಂದೇ ತೀರ್ಪಿನೊಳಗೆ ಎದುರುಬದುರಾಗಿ ಕೆಲಸ ಮಾಡಿದ್ದನ್ನು ನೋಡಬೇಕಾದರೆ ಅದೇ 1981ರ ‘ಏರ್ ಇಂಡಿಯಾ ವಿರುದ್ಧ ನರ್ಗೀಶ್ ಮಿರ್ಜಾ’ ಪ್ರಕರಣವನ್ನು ಬಿಡಿಸಿ ಓದಬೇಕು. ಈ ಮಾದರಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಏರ್ ಇಂಡಿಯಾದ ಸೇವಾ ನಿಯಮಗಳ ಪ್ರಕಾರ ಗಗನಸಖಿಯೊಬ್ಬರು 35 ವರ್ಷ ತುಂಬಿದಾಗ, ಇಲ್ಲವೆ ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೆ, ಇಲ್ಲವೆ ಮೊದಲ ಸಲ ಗರ್ಭಿಣಿಯಾದಾಗ, ಯಾವುದು ಮೊದಲೋ ಆಗ ಕೆಲಸ ಬಿಡಬೇಕಿತ್ತು. ಅದೇ ವಿಮಾನದಲ್ಲಿ ಪ್ರಯಾಣಿಕರ ಸೇವೆ ಮಾಡುತ್ತಿದ್ದ ಪುರುಷ ಸಹಾಯಕ ಪರ್ಸರ್‌ಗಳು 58 ವರ್ಷದವರೆಗೆ ಕೆಲಸ ಮಾಡಬಹುದಿತ್ತು. 35 ವರ್ಷದ ನಂತರ ಗಗನಸಖಿಯ ಸೇವೆಯನ್ನು ವಿಸ್ತರಿಸುವುದು, ಬಿಡುವುದು ವ್ಯವಸ್ಥಾಪಕ ನಿರ್ದೇಶಕರ ವಿವೇಚನೆಗೆ ಬಿಟ್ಟಿತ್ತು.

ಗಗನಸಖಿಯರು ಮೊದಲು ಎತ್ತಿದ ವಾದ ವರ್ಗೀಕರಣದ್ದು: ಕೆಲಸ ಒಂದೇ, ಹಾಗಿದ್ದ ಮೇಲೆ ನಿವೃತ್ತಿ ವಯಸ್ಸು ಏಕೆ ಬೇರೆ? ನ್ಯಾಯಮೂರ್ತಿ ಫಜಲ್ ಅಲಿ ಬರೆದ ತೀರ್ಪು ಈ ವಾದವನ್ನು ಒಪ್ಪಲಿಲ್ಲ. ನೇಮಕಾತಿಯ ವಿಧಾನ, ಅರ್ಹತೆ, ಬಡ್ತಿಯ ದಾರಿ ಇವೆಲ್ಲ ಬೇರೆಯಾದ್ದರಿಂದ ಗಗನಸಖಿಯರೂ ಪರ್ಸರ್‌ಗಳೂ ಬೇರೆಬೇರೆ ವರ್ಗ, ಅವರ ನಡುವೆ ಹೋಲಿಕೆ ನಿಲ್ಲದು ಎಂದಿತು. ಮೊದಲ ಪರೀಕ್ಷೆಯಲ್ಲಿ ಏರ್ ಇಂಡಿಯಾ ಗೆದ್ದಿತು. ನಂತರ ನ್ಯಾಯಾಲಯವು ಮೂರೂ ನಿಯಮಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡಿತು. ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮ ಉಳಿಯಿತು. ಮೊದಲ ಗರ್ಭಧಾರಣೆಯಾದೊಡನೆ ಕೆಲಸದಿಂದ ತೆಗೆಯುವ ನಿಯಮ ಬಿದ್ದುಹೋಯಿತು. ಮದುವೆಗೆ ಅವಕಾಶ ಕೊಟ್ಟು, ಅದರ ಸಹಜ ಫಲಕ್ಕೆ ಶಿಕ್ಷೆ ಕೊಡುವುದು ಕ್ರೂರ, ಸ್ವೇಚ್ಛಾಚಾರ, ಭಾರತೀಯ ಸ್ತ್ರೀತ್ವಕ್ಕೆ ಮಾಡಿದ ಅವಮಾನ ಎಂದು ನ್ಯಾಯಾಲಯ ಕಟುವಾಗಿ ಹೇಳಿತು. ಮಾನದಂಡವಿಲ್ಲದೆ ನಿರ್ದೇಶಕರಿಗೆ ಕೊಟ್ಟ ವಿವೇಚನಾಧಿಕಾರವೂ ರದ್ದಾಯಿತು.

ಈಗ ಪ್ರಶ್ನೆ.

ಹೇಳಿಕೆ: ಮೊದಲ ಗರ್ಭಧಾರಣೆಯಲ್ಲಿ ಸೇವೆ ಕೊನೆಗೊಳಿಸುವ ನಿಯಮವನ್ನು ಸುಪ್ರೀಂ ಕೋರ್ಟು ರದ್ದುಮಾಡಿತು.
ಕಾರಣ: ಗಗನಸಖಿಯರನ್ನೂ ಪುರುಷ ಪರ್ಸರ್‌ಗಳನ್ನೂ ಬೇರೆ ವರ್ಗಗಳಾಗಿ ಕಂಡದ್ದು ಅಸಮಂಜಸ ವರ್ಗೀಕರಣವೆಂದು ನ್ಯಾಯಾಲಯ ತೀರ್ಮಾನಿಸಿತು.

ಕಾರಣವು ನ್ಯಾಯವಾಗಿ ಹಾಗೇ ಇರಬೇಕಿತ್ತು ಎಂದು ಇಂದಿನ ಓದುಗರಿಗೆ ಅನ್ನಿಸುತ್ತದೆ. ಈ ತೀರ್ಪು ಗಗನಸಖಿಯರನ್ನು ಬೇರೆ ವರ್ಗವೆಂದ ಭಾಗ ದುರ್ಬಲ ಎನ್ನುವ ಟೀಕೆ ಬಲವಾಗಿಯೇ ಇದೆ. ಬಡ್ತಿಯ ದಾರಿ ಬೇರೆ ಮಾಡಿದ್ದೂ ಏರ್ ಇಂಡಿಯಾವೇ, ಅದನ್ನೇ ವ್ಯತ್ಯಾಸಕ್ಕೆ ಸಾಕ್ಷಿಯಾಗಿ ತಂದದ್ದೂ ಅದೇ. 2018ರಲ್ಲಿ ನವತೇಜ್ ಸಿಂಗ್ ಜೋಹರ್ ಪ್ರಕರಣದ ತಮ್ಮ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರೂ ಮಿರ್ಜಾ ಪ್ರಕರಣದ ತರ್ಕವನ್ನು ವಿಮರ್ಶಿಸಿದ್ದಾರೆ. ಆದರೆ ಪ್ರಶ್ನೆ ಕೇಳಿರುವುದು 1981ರ ನ್ಯಾಯಾಲಯ ಏನು ತೀರ್ಮಾನಿಸಿತು ಎಂಬುದನ್ನು. ಅದು ತೀರ್ಮಾನಿಸಿದ್ದು ಇದರ ವಿರುದ್ಧವಾಗಿ. ಉತ್ತರ ‘ಸಿ’.

ಕಾರಣವನ್ನು ‘ಗಗನಸಖಿಯರೂ ಪರ್ಸರ್‌ಗಳೂ ಬೇರೆಬೇರೆ ವರ್ಗವೆಂದು ನ್ಯಾಯಾಲಯ ಹೇಳಿತು’ ಎಂದು ತಿರುಗಿಸಿದರೆ ವಾಕ್ಯ ಸತ್ಯವಾಗುತ್ತದೆ, ಉತ್ತರ ‘ಬಿ’ ಆಗುತ್ತದೆ. ಗರ್ಭಧಾರಣೆಯ ನಿಯಮ ರದ್ದಾಗಲು ಆ ಮಾತು ಕಾರಣವಲ್ಲ. ಆ ಮಾತಿದ್ದರೂ ಅದು ರದ್ದಾಯಿತು. ಸ್ವೇಚ್ಛಾಚಾರದ ಪರೀಕ್ಷೆ ಏಕೆ ಬೇಕಾಯಿತು ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ವರ್ಗೀಕರಣದ ಪರೀಕ್ಷೆಗೆ ಹೋಲಿಸಲು ಇಬ್ಬರು ಬೇಕು. ಹೋಲಿಕೆಗೆ ಎದುರು ಪಕ್ಷವೇ ಇಲ್ಲವೆಂದು ನ್ಯಾಯಾಲಯ ಹೇಳಿಬಿಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. ಸ್ವೇಚ್ಛಾಚಾರದ ಪರೀಕ್ಷೆ ಮಾತ್ರ ಆ ನಿಯಮವನ್ನೇ ಎದುರಿಗಿಟ್ಟುಕೊಂಡು, ಇದಕ್ಕೆ ವಿವೇಕದ ಆಧಾರ ಇದೆಯೇ ಎಂದು ಕೇಳುತ್ತದೆ.

ಈ ಹೊಸ ಪರೀಕ್ಷೆಗೆ ಮಿತಿ ಎಲ್ಲಿ ಎಂಬ ವಿವಾದ ಬಹುಕಾಲ ನಡೆಯಿತು. ಅಧಿಕಾರಿಯ ಆದೇಶ ಸ್ವೇಚ್ಛೆಯದಾದರೆ ರದ್ದಾಗುತ್ತದೆ, ಸರಿ. ಶಾಸನಸಭೆ ಮಾಡಿದ ಕಾನೂನನ್ನೂ ‘ಇದು ಸ್ವೇಚ್ಛಾಚಾರ’ ಎಂದು ನ್ಯಾಯಾಧೀಶರು ಹೊಡೆದುಹಾಕಬಹುದೇ? 1996ರ ಮೆಕ್‌ಡೊವೆಲ್ ಪ್ರಕರಣದಲ್ಲಿ, ಆಂಧ್ರಪ್ರದೇಶದ ಪಾನನಿಷೇಧ ಕಾಯಿದೆಯ ಸಂದರ್ಭದಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಆಗದು ಎಂದಿತು. ಸ್ವೇಚ್ಛಾಚಾರ ಎಂಬ ಮಾತಷ್ಟೇ ಸಾಲದು, ಸಂವಿಧಾನದ ನಿರ್ದಿಷ್ಟ ಉಲ್ಲಂಘನೆಯೊಂದನ್ನು ತೋರಿಸಬೇಕು ಎಂಬುದು ಅದರ ನಿಲುವು. 2017ರ ಆಗಸ್ಟ್ 22ರಂದು ಹೊರಬಂದ ಶಾಯರಾ ಬಾನು ತೀರ್ಪಿನಲ್ಲಿ ನ್ಯಾಯಮೂರ್ತಿ ರೋಹಿಂಟನ್ ನರಿಮನ್, ನ್ಯಾಯಮೂರ್ತಿ ಲಲಿತ್ ಅವರ ಸಮ್ಮತಿಯೊಂದಿಗೆ, ಮೆಕ್‌ಡೊವೆಲ್‌ನ ಈ ಮಾತು ಒಳ್ಳೆಯ ಕಾನೂನಲ್ಲವೆಂದು ಬರೆದರು. ಕಾನೂನೊಂದು ಮನಬಂದಂತೆ, ವಿವೇಕವಿಲ್ಲದೆ ಅಥವಾ ನಿರ್ಧರಿಸುವ ತತ್ತ್ವವೇ ಇಲ್ಲದೆ ಮಾಡಿದ್ದಾದರೆ, ಅತಿರೇಕದ್ದೂ ಪ್ರಮಾಣ ಮೀರಿದ್ದೂ ಆದರೆ, ಅದು ಎದ್ದುಕಾಣುವ ಸ್ವೇಚ್ಛಾಚಾರ, ಅಂಥದ್ದನ್ನು ರದ್ದುಮಾಡಬಹುದು ಎಂಬುದು ಅವರ ವ್ಯಾಖ್ಯೆ. ಶಾಸನ ಮಾಡುವವರ ಮೇಲೆ ಈ ತೂಕದ ಹೊಣೆ ಇರಬೇಕಾದದ್ದೇ. ಆದರೆ ‘ಎದ್ದುಕಾಣುವ’ ಎಂಬ ವಿಶೇಷಣ ಅಲಂಕಾರಕ್ಕೆ ಬಂದದ್ದಲ್ಲ. ಕಾನೂನು ಜಾಣತನದ್ದಲ್ಲ ಎಂಬಷ್ಟಕ್ಕೆ ಅದು ಬಿದ್ದುಹೋಗುವುದಿಲ್ಲ.

ಶಾಯರಾ ಬಾನು ಪ್ರಕರಣವು ಪ್ರಶ್ನೆ ರಚಿಸುವವರಿಗೂ ಬಲೆಯಾಗಬಹುದು. ‘ತಲಾಖ್-ಎ-ಬಿದ್ದತ್ ಪದ್ಧತಿಯನ್ನು 3:2 ಬಹುಮತದಿಂದ ರದ್ದುಮಾಡಲಾಯಿತು’ ಎಂಬ ಹೇಳಿಕೆ ಸರಿ. ‘ಅದು ಎದ್ದುಕಾಣುವ ಸ್ವೇಚ್ಛಾಚಾರವೆಂದು ಮೂವರೂ ತೀರ್ಮಾನಿಸಿದರು’ ಎಂಬ ಕಾರಣ ಸರಿಯಲ್ಲ. ಮೂರನೆಯವರಾದ ನ್ಯಾಯಮೂರ್ತಿ ಕುರಿಯನ್ ಜೋಸೆಫ್, ಕಾನೂನನ್ನು ಸ್ವೇಚ್ಛಾಚಾರದ ನೆಲೆಯಲ್ಲಿ ಪ್ರಶ್ನಿಸಬಹುದೆಂಬ ತತ್ತ್ವವನ್ನು ಒಪ್ಪಿದರೂ, ಆ ಪದ್ಧತಿಯನ್ನು ತಳ್ಳಿಹಾಕಿದ್ದು ಅದು ಕುರಾನಿಗೆ ವಿರುದ್ಧ ಎಂಬ ಬೇರೆ ಆಧಾರದ ಮೇಲೆ. ‘ಮೂವರೂ’ ಎಂಬ ಒಂದು ಪದ ಉತ್ತರವನ್ನು ‘ಎ’ಯಿಂದ ‘ಸಿ’ಗೆ ತಳ್ಳಿತು. ಒಂದೇ ಫಲಿತಾಂಶಕ್ಕೆ ನ್ಯಾಯಮೂರ್ತಿಗಳು ಬೇರೆಬೇರೆ ಕಾರಣ ಬರೆದಿರುವ ತೀರ್ಪುಗಳಲ್ಲಿ ‘ನ್ಯಾಯಾಲಯ ಹೀಗೆಂದಿತು’ ಎಂದು ಸಾರಾಸಗಟಾಗಿ ಹೇಳುವ ಪ್ರಶ್ನೆ ದೋಷಪೂರಿತ. ಅನ್ವರ್ ಅಲಿ ತೀರ್ಪಿನಲ್ಲೂ ಬಹುಮತದ ನ್ಯಾಯಮೂರ್ತಿಗಳು ಪ್ರತ್ಯೇಕವಾಗಿಯೇ ಬರೆದಿದ್ದಾರೆ.

ಇತ್ತೀಚಿನ ಒಂದು ತೀರ್ಪು ಈ ಪರೀಕ್ಷೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. 2024ರ ಫೆಬ್ರುವರಿ 15ರ ಚುನಾವಣಾ ಬಾಂಡ್ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಕಂಪನಿ ಕಾಯಿದೆಯ 182ನೇ ಕಲಮಿಗೆ ತಂದಿದ್ದ ತಿದ್ದುಪಡಿಯನ್ನೂ ಪರಿಶೀಲಿಸಿತು. ಹಿಂದೆ ಕಂಪನಿಯು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ರಷ್ಟನ್ನು ಮಾತ್ರ ರಾಜಕೀಯ ಪಕ್ಷಗಳಿಗೆ ಕೊಡಬಹುದಿತ್ತು. ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಇದರಿಂದ ಲಾಭದ ಕಂಪನಿ, ನಷ್ಟದ ಕಂಪನಿ ಎಂಬ ಭೇದವೇ ಉಳಿಯಲಿಲ್ಲ. ಲಾಭವೇ ಇಲ್ಲದ ಕಂಪನಿ ದೇಣಿಗೆ ಕೊಡುವುದರಲ್ಲಿ ಪ್ರತಿಫಲದ ಲೆಕ್ಕಾಚಾರ ಇರುವ ಸಂಭವ ಹೆಚ್ಚು. ಬೇರೆ ಸ್ಥಿತಿಯಲ್ಲಿರುವವರನ್ನು ಒಂದೇ ತಕ್ಕಡಿಯಲ್ಲಿ ತೂಗಿದ ಈ ತಿದ್ದುಪಡಿ ಎದ್ದುಕಾಣುವ ಸ್ವೇಚ್ಛಾಚಾರವೆಂದು ನ್ಯಾಯಾಲಯ ಹೇಳಿತು.

ಇದರ ಮೇಲೆ ‘ಭೇದ ಮಾಡದ ಕಾನೂನು 14ನೇ ವಿಧಿಯನ್ನು ಉಲ್ಲಂಘಿಸಲಾರದು’ ಎಂಬ ಹೇಳಿಕೆಯನ್ನೂ, ‘ಸಮಾನರನ್ನು ಸಮಾನವಾಗಿ ಕಾಣಬೇಕೆಂಬುದು 14ನೇ ವಿಧಿಯ ಆಶಯ’ ಎಂಬ ಕಾರಣವನ್ನೂ ಕೊಟ್ಟರೆ ಉತ್ತರ ‘ಡಿ’. ಕಾರಣ ಸರಿ. ಹೇಳಿಕೆ ತಪ್ಪು, ಏಕೆಂದರೆ ಮಾಡಬೇಕಾದ ಭೇದವನ್ನು ಮಾಡದಿರುವುದೂ ಅಸಮಾನತೆಯೇ. ಪ್ರಶ್ನೆಪತ್ರಿಕೆಗಳಲ್ಲಿ ‘ಡಿ’ ಉತ್ತರದ ಪ್ರಶ್ನೆಗಳಲ್ಲಿ ಹೇಳಿಕೆ ಹೀಗೆ ಸಾಮಾನ್ಯ ತಿಳುವಳಿಕೆಗೆ ಹತ್ತಿರವಾಗಿರುವಂತೆ ರಚಿಸುವುದುಂಟು.

ಮೆಕ್‌ಡೊವೆಲ್ ತತ್ತ್ವವನ್ನು ಸರಿಯೆಂದು ಹೇಳುವ ಪ್ರಶ್ನೆಗಳು 2017ಕ್ಕಿಂತ ಹಳೆಯ ಪ್ರಶ್ನಸಂಗ್ರಹಗಳಲ್ಲಿ ಸಿಗುತ್ತವೆ. ಅವುಗಳ ಉತ್ತರವನ್ನು ಇಂದು ಹಾಗೆಯೇ ಕಲಿತರೆ ತಪ್ಪಾಗುತ್ತದೆ. ಹಾಗೆಯೇ ‘ಸ್ವೇಚ್ಛಾಚಾರದ ಪರೀಕ್ಷೆ ಬಂದ ಮೇಲೆ ವರ್ಗೀಕರಣದ ಪರೀಕ್ಷೆ ಹೋಯಿತು’ ಎಂಬ ಮಾತೂ ತಪ್ಪು; ಎರಡೂ ಇಂದಿಗೂ ಜೊತೆಯಾಗಿ ಬಳಕೆಯಲ್ಲಿವೆ. ಪರೀಕ್ಷಾ ಪ್ರಾಧಿಕಾರಗಳು ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆದಾಗ, ಈ ಮಾದರಿಯ ಪ್ರಶ್ನೆಗೆ ಆಕ್ಷೇಪಿಸುವವರು ತೀರ್ಪಿನ ಹೆಸರು ಬರೆದು ಕೈತೊಳೆದುಕೊಳ್ಳಬಾರದು. ಯಾವ ನ್ಯಾಯಮೂರ್ತಿಯ ತೀರ್ಪು, ಅದು ಬಹುಮತದ್ದೋ ಭಿನ್ನಮತದ್ದೋ, ಕಾರಣವನ್ನು ಹೇಳಿರುವುದು ಯಾವ ಪರಿಚ್ಛೇದದಲ್ಲಿ ಎಂಬುದನ್ನು ಬರೆದು ಲಗತ್ತಿಸಬೇಕು.